ನಿಮಗಿದು ಗೊತ್ತೇ? ಮಾಣಿಗೆ ಹದಿಮೂರು, ಕೈಯೆಲುಬಿಗೆ ಹನ್ನೊಂದು!

ಮಗು ಹುಟ್ಟಿದಾಗ ಅದರ ಮಣಿಕಟ್ಟಿನ ಎಕ್ಸ್-ರೇ ತೆಗೆದರೆ ಸಾಮಾನ್ಯವಾಗಿ ಅಲ್ಲಿ ಒಂದು ಎಲುಬೂ ಕಾಣುವುದಿಲ್ಲ! ದೊಡ್ಡವರಲ್ಲಿರುವ ಎಂಟು ಪುಟ್ಟ ಎಲುಬುಗಳೂ ಆಗ ಬರೀ ಮೆದುಎಲುಬು. ಮೆದುಎಲುಬು ಎಕ್ಸ್-ರೇಗೆ ಸಿಗದು. ಮೂರು ತಿಂಗಳ ಹೊತ್ತಿಗೆ ಎರಡು ಚುಕ್ಕೆ ಮೂಡುತ್ತವೆ, ಆಮೇಲೆ ಒಂದೊಂದಾಗಿ ಉಳಿದವು. ಎಂಟನೆಯದು ಬರುವಷ್ಟರಲ್ಲಿ ಮಗು ಮೂರ್ನಾಲ್ಕನೇ ತರಗತಿ ದಾಟಿರುವುದೂ ಉಂಟು.

ಎಲುಬು ಎಷ್ಟು ಬೆಳೆದಿದೆ ಎಂದು ನೋಡಲು ತೆಗೆಯುವುದು ಎಡಗೈಯ ಚಿತ್ರ. ಹೆಚ್ಚಿನವರು ಬಲಗೈಯವರಾದ್ದರಿಂದ ಎಡಗೈಗೆ ಪೆಟ್ಟು ಕಡಿಮೆ ಎಂಬ ಲೆಕ್ಕ. ಅಂಗೈ ಕೆಳಗೆ ಮಾಡಿ, ಬೆರಳು ತುಸು ಅಗಲಿಸಿ ಇಡಬೇಕು. ಬೆರಳ ತುದಿಯಿಂದ ಮುಂಗೈಯ ಎರಡು ಎಲುಬುಗಳ ಮಣಿಕಟ್ಟಿನ ಕಡೆಯ ತುದಿಯವರೆಗೂ ಚಿತ್ರದಲ್ಲಿ ಬರಬೇಕು. ಬಳೆ, ಉಂಗುರ, ಬೆಳ್ಳಿ ಕಡಗ ಮೊದಲೇ ತೆಗೆದಿಡಿ. ಹೆದರಿಕೆ ಬೇಡ, ಇದರ ವಿಕಿರಣ ನಾವು ಒಂದು ದಿನದಲ್ಲಿ ಪ್ರಕೃತಿಯಿಂದಲೇ ಪಡೆಯುವುದಕ್ಕಿಂತ ಕಡಿಮೆ.

ಓದುವುದು ಹೇಗೆ? ಬೆಳೆಯುವ ಮಗುವಿನ ಬೆರಳೆಲುಬಿನ ತುದಿಯಲ್ಲಿ ಬೇರೆಯೇ ಒಂದು ತುಣುಕು, ನಡುವೆ ಕಪ್ಪು ಗೆರೆ. ಆ ಗೆರೆಯೇ ಬೆಳವಣಿಗೆಯ ಜಾಗ. ವಯಸ್ಸಾದಂತೆ ತುಣುಕು ಅಗಲವಾಗಿ, ಎಲುಬಿನಷ್ಟೇ ಅಗಲಕ್ಕೆ ಬಂದು, ಮುಚ್ಚಳದಂತೆ ಅಂಚಿನ ಮೇಲೆ ಬಾಗುತ್ತದೆ. ಕೊನೆಗೆ ಗೆರೆ ಮಾಯ, ಎತ್ತರವೂ ಅಲ್ಲಿಗೆ ಮುಗಿಯಿತು. ವೈದ್ಯರು ಈ ಚಿತ್ರವನ್ನು ಗ್ರೂಲಿಕ್ ಮತ್ತು ಪೈಲ್ ಎಂಬವರ ಚಿತ್ರಸಂಪುಟದೊಂದಿಗೆ ಹೋಲಿಸುತ್ತಾರೆ. ಹುಡುಗರಿಗೆ ಬೇರೆ, ಹುಡುಗಿಯರಿಗೆ ಬೇರೆ ಪುಟಗಳು. ಯಾವ ಪುಟ ಹೆಚ್ಚು ಹೊಂದುವುದೋ ಅದೇ ‘ಎಲುಬಿನ ವಯಸ್ಸು’.

ಈಗ ಶಿರಸಿ ಕಡೆಯ ಹದಿಮೂರರ ಒಬ್ಬ ಮಾಣಿಯನ್ನು ಊಹಿಸಿಕೊಳ್ಳಿ. ಎತ್ತರ 138 ಸೆಂ.ಮೀ., ಪ್ರಾರ್ಥನೆಯ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ. ಅಪ್ಪ 168, ಅಮ್ಮ 155. ಎಕ್ಸ್-ರೇ ಹೇಳಿದ್ದು ಹನ್ನೊಂದು ವರ್ಷ. ಮನೆಯಲ್ಲಿ ಗಾಬರಿ! ಆದರೆ ಲೆಕ್ಕ ನೋಡಿ. ಎಲುಬಿಗೂ ಹದಿಮೂರೇ ಆಗಿದ್ದರೆ ಅವನು ತನ್ನ ಪೂರ್ಣ ಎತ್ತರದ ಸುಮಾರು ಶೇ. 88ರಷ್ಟು ಬೆಳೆದು ಮುಗಿಸಿರುತ್ತಿದ್ದ, ನಿಲ್ಲುತ್ತಿದ್ದುದು 157ರ ಆಸುಪಾಸಿನಲ್ಲಿ. ಎಲುಬು ಹನ್ನೊಂದರಲ್ಲಿದ್ದರೆ ಮುಗಿದದ್ದು ಸುಮಾರು ಶೇ. 82 ಮಾತ್ರ. ಅಂದರೆ ಕೊನೆಯ ಎತ್ತರ 168ರ ಹತ್ತಿರ. ಅಪ್ಪ-ಅಮ್ಮನ ಎತ್ತರ ಕೂಡಿಸಿ, ಹುಡುಗನಾದ್ದರಿಂದ 13 ಸೇರಿಸಿ, ಅರ್ಧ ಮಾಡಿದರೂ ಬರುವುದು ಅದೇ 168. ‘ನಾನೂ ಕಾಲೇಜಿಗೆ ಹೋದ ಮೇಲೇ ಉದ್ದ ಆಗಿದ್ದು’ ಎಂದು ಅಪ್ಪ ಹೇಳಿದರಂತೂ ಅನುಮಾನ ಬಹುಪಾಲು ಕರಗಿತು. ಇಲ್ಲಿ ಎಲುಬು ಹಿಂದಿರುವುದೇ ಒಳ್ಳೆಯ ಸುದ್ದಿ.

ಅದೇ ಎಕ್ಸ್-ರೇ ಇನ್ನೊಬ್ಬ ಹುಡುಗನಲ್ಲಿ ಕೆಟ್ಟ ಸುದ್ದಿಯೂ ಆಗಬಹುದು! ಹರೆಯಕ್ಕೆ ಮುಂಚೆ ಮಕ್ಕಳು ವರ್ಷಕ್ಕೆ ಐದಾರು ಸೆಂ.ಮೀ. ಬೆಳೆಯಬೇಕು. ಎಲುಬು ಎರಡು ವರ್ಷ ಹಿಂದೆ, ಹೋದ ವರ್ಷ ಬೆಳೆದದ್ದು ಬರೀ ಎರಡು ಸೆಂ.ಮೀ., ತೂಕ ಮಾತ್ರ ಏರುತ್ತಿದೆ, ಮಲಬದ್ಧತೆ, ಒಣ ಚರ್ಮ ಎಂದರೆ ಥೈರಾಯ್ಡ್ ಪರೀಕ್ಷೆ ಕೂಡಲೇ ಆಗಬೇಕು. ಥೈರಾಯ್ಡ್ ಕೊರತೆಗೆ ದಿನಕ್ಕೊಂದು ಮಾತ್ರೆ ಸಾಕು, ಆದರೆ ತಡವಾದರೆ ಕಳೆದ ಎತ್ತರ ಪೂರ್ತಿ ಮರಳದು. ಬೆಳವಣಿಗೆಯ ಹಾರ್ಮೋನ್ ಕೊರತೆಯಲ್ಲೂ ಎಲುಬು ಹಿಂದೆಯೇ ಇರುತ್ತದೆ. ಇವನ್ನು ಬೇರೆ ಮಾಡಿ ತೋರಿಸುವುದು ಎಕ್ಸ್-ರೇ ಅಲ್ಲ. ಬೆಳೆಯುವ ವೇಗ ಮತ್ತು ರಕ್ತಪರೀಕ್ಷೆ.

ತರಗತಿಯಲ್ಲೇ ಎತ್ತರವಾದ ಹುಡುಗಿ ಮುಂದೆ ಗಿಡ್ಡಿಯಾಗಬಹುದು. ಎಂಟು ವರ್ಷಕ್ಕೆ ಮೊದಲೇ ಸ್ತನ ಮೂಡಿ, ಸರಸರ ಬೆಳೆದು, ಎಲುಬಿನ ವಯಸ್ಸು ಮುಂದೋಡಿದ್ದರೆ ಕಪ್ಪು ಗೆರೆಗಳು ಬೇಗ ಮುಚ್ಚುತ್ತವೆ. ‘ಕೂಸು ಚೆನ್ನಾಗಿ ಬೆಳೀತಿದ್ದು’ ಎಂದು ಹಿಗ್ಗುವ ಮನೆಯವರು ಇಲ್ಲಿ ವೈದ್ಯರ ಬಳಿ ಹೋಗುವುದೇ ತಡ ಮಾಡುತ್ತಾರೆ. ಹರೆಯವನ್ನು ಕೆಲಕಾಲ ತಡೆಹಿಡಿಯುವ ಚುಚ್ಚುಮದ್ದು ಇದೆ. ಗೆರೆ ಮುಚ್ಚಿದ ಮೇಲೆ ಅದರಿಂದ ಪ್ರಯೋಜನವಿಲ್ಲ.

ಆ ಚಿತ್ರಸಂಪುಟದಲ್ಲಿರುವ ಕೈಗಳು ಯಾರವು ಗೊತ್ತೇ? 1930ರ ದಶಕ ಮತ್ತು 1940ರ ಆರಂಭದಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿದ್ದ, ಅನುಕೂಲಸ್ಥ ಬಿಳಿಯರ ಮಕ್ಕಳವು! ಪುಸ್ತಕ ಮೊದಲು ಬಂದದ್ದು 1950ರಲ್ಲಿ, ಎರಡನೇ ಆವೃತ್ತಿ 1959ರಲ್ಲಿ. ಸಿದ್ದಾಪುರದ ಮಗುವನ್ನೂ ಯಲ್ಲಾಪುರದ ಕಾಡಂಚಿನ, ಆಫ್ರಿಕಾ ಮೂಲದ ಸಿದ್ದಿ ಮಗುವನ್ನೂ ಅದೇ ಪುಟಗಳಿಗೆ ಹೋಲಿಸಬೇಕಾಗಿದೆ. ಆದ್ದರಿಂದ ಫಲಿತಾಂಶವನ್ನು ತಿಂಗಳ ಲೆಕ್ಕದಲ್ಲಿ ಹಿಡಿದುಕೊಂಡು ಕೂರಬಾರದು. ಶಾಲೆಗೆ ಹೋಗುವ ವಯಸ್ಸಿನ ಆರೋಗ್ಯವಂತ ಮಕ್ಕಳಲ್ಲೂ ಎಲುಬು ಒಂದು ವರ್ಷ ಹಿಂದೆ ಮುಂದೆ ಇರುವುದು ಮಾಮೂಲು. ಒಂದೇ ಚಿತ್ರವನ್ನು ಇಬ್ಬರು ವೈದ್ಯರು ಓದಿದರೆ ಅರ್ಧ ವರ್ಷದ ವ್ಯತ್ಯಾಸ ಬಂದರೂ ಆಶ್ಚರ್ಯವಿಲ್ಲ. ಎರಡು ವರ್ಷದಾಚೆ ಹೋದರೆ ಕಾರಣ ಹುಡುಕಬೇಕು.

ಇನ್ನೊಂದು ಮಾತು. ಮಗುವನ್ನು ಶಿರಸಿಗೋ ಹುಬ್ಬಳ್ಳಿಗೋ ಮಕ್ಕಳ ವೈದ್ಯರಲ್ಲಿಗೆ ಕರೆದೊಯ್ಯುವಾಗ ಶಾಲೆಯಲ್ಲಿ ಅಳೆದು ಬರೆದಿಟ್ಟ ಹಿಂದಿನ ಎರಡು ಮೂರು ವರ್ಷದ ಎತ್ತರವನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಎಕ್ಸ್-ರೇ ಬೇಕೋ ಬೇಡವೋ ಎಂಬುದನ್ನೂ ಎಷ್ಟೋ ಸಲ ಆ ಚೀಟಿಯೇ ತೀರ್ಮಾನಿಸುತ್ತದೆ.