ಇಪ್ಪತ್ತು ಪರ್ಸೆಂಟ್ ಎಂದರೆ ಎಷ್ಟು ಗಂಟೆ?

"ಡೇಟಾಬೇಸ್‌ಗೆ ಜನ ಇಲ್ಲ ಅಂತ ಯಾಕೆ ಹೇಳ್ತೀರಿ? ಸುಮಾ ಅವರನ್ನ 20 ಪರ್ಸೆಂಟ್ ಕೊಟ್ಟಿದ್ದೀವಲ್ಲ!" ಬೆಂಗಳೂರಿನ ಯಾವ ಸಾಫ್ಟ್‌ವೇರ್ ಕಂಪನಿಯ ಮೀಟಿಂಗ್ ರೂಮಿನಲ್ಲಿ ಬೇಕಾದರೂ ಈ ಮಾತು ಕಿವಿಗೆ ಬಿದ್ದೀತು. ಸುಮಾ ಇಲ್ಲಿ ಕಲ್ಪಿತ ಹೆಸರು. ಆದರೆ ಒಬ್ಬರನ್ನೇ ಮೂರು ಪ್ರಾಜೆಕ್ಟ್‌ಗೆ 50, 30, 20 ಎಂದು ಹಂಚಿ ಎಕ್ಸೆಲ್ ಶೀಟಿನಲ್ಲಿ ಬರೆದಿಡುವುದು ಈ ಉದ್ಯಮದ ನಿತ್ಯದ ಲೆಕ್ಕ. ಒಟ್ಟು ನೂರು ಬಂತು ಎಂದರೆ ಎಲ್ಲರಿಗೂ ಸಮಾಧಾನ.

ಆ ನೂರರೊಳಗೆ ಏನಿದೆ ಎಂದು ಬಿಡಿಸಿ ನೋಡೋಣ. ವಾರಕ್ಕೆ 40 ಗಂಟೆ ಕೆಲಸ ಎಂದಿಟ್ಟುಕೊಳ್ಳಿ. ಸಣ್ಣ ಪ್ರಾಜೆಕ್ಟ್‌ನ ಮ್ಯಾನೇಜರ್ 20 ಪರ್ಸೆಂಟ್ ಎಂದರೆ 8 ಗಂಟೆ ಎಂದುಕೊಂಡು ಪ್ಲಾನ್ ಮಾಡಿರುತ್ತಾರೆ. ಆದರೆ ರಜೆ, ಹಬ್ಬ, ಟ್ರೈನಿಂಗ್, ಕಂಪನಿಯ ಸಭೆ, ಹೊಸಬರ ಇಂಟರ್‌ವ್ಯೂ ಎಲ್ಲವನ್ನೂ ವರ್ಷದ ಸರಾಸರಿಯಲ್ಲಿ ಹಿಡಿದರೆ ವಾರಕ್ಕೆ 6 ಗಂಟೆಯಾದರೂ ಯಾವ ಪ್ರಾಜೆಕ್ಟ್‌ಗೂ ಸೇರದೆ ಹೋಗುತ್ತದೆ. ಉಳಿಯುವುದು 34. ಅದರ ಐದನೇ ಒಂದು ಪಾಲು ಸುಮಾರು 6 ಮುಕ್ಕಾಲು ಗಂಟೆ.

ಮುಂದಿನದು ಪ್ರಾಜೆಕ್ಟ್‌ಗೆ ಸೇರಿದ್ದಕ್ಕೇ ತೆರಬೇಕಾದ ಸಮಯ. ದಿನಕ್ಕೆ ಹದಿನೈದು ನಿಮಿಷದ ಸ್ಟ್ಯಾಂಡಪ್ ಐದು ದಿನಕ್ಕೆ ಒಂದೂಕಾಲು ಗಂಟೆ. ವಾರದ ಪ್ಲಾನಿಂಗ್ ಮೀಟಿಂಗ್ ಒಂದು ಗಂಟೆ. ಮೇಲ್, ಚಾಟ್, ಸ್ಟೇಟಸ್ ರಿಪೋರ್ಟ್‌ಗೆ ಮುಕ್ಕಾಲು ಗಂಟೆ. ಅಲ್ಲಿಗೆ 3 ಗಂಟೆ. ಇದು ವಿದ್ಯುತ್ ಬಿಲ್ಲಿನ ನಿಗದಿತ ಶುಲ್ಕದ ಹಾಗೆ: ಒಂದೇ ದೀಪ ಉರಿಸಿದರೂ ಕಟ್ಟಲೇಬೇಕು. ಅಲೊಕೇಶನ್ 50 ಇದ್ದವರಿಗೂ 20 ಇದ್ದವರಿಗೂ ಸ್ಟ್ಯಾಂಡಪ್ ಅಷ್ಟೇ ಹೊತ್ತು ನಡೆಯುತ್ತದೆ. ಸಣ್ಣ ಪಾಲು ಹೆಚ್ಚು ಸೊರಗುವುದು ಇದೇ ಕಾರಣಕ್ಕೆ. ಸುಮಾ ಅವರ ಮೂರನೇ ಪ್ರಾಜೆಕ್ಟ್‌ಗೆ ಈಗ ಉಳಿದದ್ದು ನಾಲ್ಕು ಗಂಟೆಗೂ ಕಮ್ಮಿ.

ಕೊನೆಯದು ಒಂದರಿಂದ ಇನ್ನೊಂದಕ್ಕೆ ಹೊರಳುವ ಖರ್ಚು. ಕುರ್ಚಿ ಬದಲಿಸಬೇಕಿಲ್ಲ, ಕಿಟಕಿ ಬದಲಿಸಿದರೆ ಸಾಕು. ಹಾಗಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಬೇರೆ ವಿಪಿಎನ್‌ಗೆ ಲಾಗಿನ್ ಆಗಬೇಕು, ಕೋಡ್‌ನ ಬೇರೆ ಪ್ರತಿ ತೆರೆಯಬೇಕು, ನಿನ್ನೆಯ ಟಿಕೆಟ್‌ನಲ್ಲಿ ಯಾರು ಏನು ಬರೆದಿದ್ದಾರೆ ಎಂದು ಓದಬೇಕು, ಈ ಕ್ಲೈಂಟ್‌ನ ಟೇಬಲ್‌ಗಳಲ್ಲಿ ಯಾವುದು ಯಾವುದಕ್ಕೆ ಜೋಡಿಸಿದೆ ಎಂದು ನೆನಪಿಸಿಕೊಳ್ಳಬೇಕು. ಅಷ್ಟಾದರೂ ತಲೆ ಪೂರ್ತಿ ಬಂದಿರುವುದಿಲ್ಲ. ಮುಗಿಸದೆ ಬಿಟ್ಟ ಕೆಲಸದತ್ತ ಗಮನದ ಒಂದಂಶ ಅಲ್ಲೇ ಸಿಕ್ಕಿಕೊಂಡಿದ್ದು ಹೊಸ ಕೆಲಸವನ್ನು ಕೆಡಿಸುತ್ತದೆ ಎಂದು ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ಪ್ರಯೋಗಗಳ ಮೂಲಕ ತೋರಿಸಿದರು. ಒಂದು ಹೊರಳಿಕೆಗೆ ಬರೀ 20 ನಿಮಿಷ, ದಿನಕ್ಕೆ ಒಂದೊಂದು ಪ್ರಾಜೆಕ್ಟ್‌ಗೆ ಒಂದೇ ಸಲ ಎಂದು ಉದಾರವಾಗಿ ಲೆಕ್ಕ ಹಾಕಿ. ಆಗಲೂ ಮೂರನೇ ಪ್ರಾಜೆಕ್ಟ್‌ಗೆ ವಾರದಲ್ಲಿ ಇನ್ನೊಂದು ಗಂಟೆ ನಲವತ್ತು ನಿಮಿಷ ಕಳೆಯಿತು. ಶೀಟಿನಲ್ಲಿದ್ದ 8 ಗಂಟೆ ಈಗ ಎರಡು ಗಂಟೆ! ಅದೂ ಐದು ತುಂಡಾಗಿ, ದಿನಕ್ಕೆ ಇಪ್ಪತ್ತೈದು ನಿಮಿಷದಂತೆ. ಅಷ್ಟರಲ್ಲಿ ನಿಧಾನವಾದ ಒಂದು ಕ್ವೆರಿಯನ್ನು ಪತ್ತೆ ಮಾಡುವುದೂ ಕಷ್ಟ. ಮೂರೂ ಪ್ರಾಜೆಕ್ಟ್ ಸೇರಿಸಿದರೆ 40 ಗಂಟೆಯ ವಾರದಲ್ಲಿ ನಿಜವಾದ ಕೆಲಸ ಸುಮಾರು 20 ಗಂಟೆ.

ಇಂಥ ಚರ್ಚೆಯಲ್ಲಿ ಜೆರಾಲ್ಡ್ ವೈನ್‌ಬರ್ಗ್ 1990ರ ದಶಕದ ಆರಂಭದಲ್ಲಿ ತಮ್ಮ ಪುಸ್ತಕದಲ್ಲಿ ಕೊಟ್ಟ ಕೋಷ್ಟಕ ಬಂದೇ ಬರುತ್ತದೆ. ಎರಡು ಪ್ರಾಜೆಕ್ಟ್ ಇದ್ದರೆ ಸಮಯದ 20 ಪರ್ಸೆಂಟ್ ನಷ್ಟ, ಮೂರಿದ್ದರೆ 40, ಐದಾದರೆ 75 ಎನ್ನುತ್ತದೆ ಅದು. ಇವನ್ನು ಅಳತೆ ಮಾಡಿದ ಅಂಕಿಗಳಂತೆ ಉಲ್ಲೇಖಿಸುವವರೇ ಹೆಚ್ಚು. ಅನುಭವದ ಅಂದಾಜು ಎಂದು ಓದುವುದು ಸರಿ. ಎರಡು ಪ್ರಾಜೆಕ್ಟ್ ಯಾವಾಗಲೂ ನಷ್ಟ ಎಂದೂ ನಾನು ಹೇಳಲಾರೆ. ಕ್ಲೈಂಟ್‌ನ ಉತ್ತರಕ್ಕೆ ಕಾಯುತ್ತ ಅರ್ಧ ದಿನ ಸುಮ್ಮನಿರುವ ಬದಲು ಇನ್ನೊಂದು ಕೆಲಸ ಕೈಯಲ್ಲಿದ್ದರೆ ಲಾಭವೇ. ಮೂರನೆಯದು ಬಂದಾಗ ಆ ಲಾಭ ಕೈಬಿಡುತ್ತದೆ.

ಕಂಪನಿಗೆ ಇದು ಯಾಕೆ ಗೊತ್ತಾಗುವುದಿಲ್ಲ? ಟೈಮ್‌ಶೀಟ್ ಇದೆಯಲ್ಲ ಎನ್ನಬಹುದು. ಶುಕ್ರವಾರ ಸಂಜೆ ಕ್ಯಾಬ್‌ಗೆ ಮುಂಚೆ ಅದನ್ನು ತುಂಬುವವರನ್ನು ಕೇಳಿ ನೋಡಿ. ಅಲೊಕೇಶನ್‌ನಲ್ಲಿ 50, 30, 20 ಇದ್ದರೆ ಟೈಮ್‌ಶೀಟಿನಲ್ಲೂ 20, 12, 8 ಗಂಟೆ ಎಂದೇ ಹಾಕುತ್ತಾರೆ. ಬೇರೆ ಹಾಕಿದರೆ ಬಿಲ್ಲಿಂಗ್‌ನವರು ಮೇಲ್ ಕಳಿಸುತ್ತಾರೆ, ಮ್ಯಾನೇಜರ್‌ಗೆ ವಿವರಣೆ ಕೊಡಬೇಕು. ವಾರವಾರವೂ ಟೈಮ್‌ಶೀಟ್ ಅಲೊಕೇಶನ್‌ಗೆ ಕರಾರುವಾಕ್ಕಾಗಿ ಹೊಂದುತ್ತಿದ್ದರೆ ಅದು ಶಿಸ್ತಿನ ಗುರುತಲ್ಲ, ಯಾರೂ ನಿಜ ಬರೆಯುತ್ತಿಲ್ಲ ಎನ್ನುವುದರ ಗುರುತು. ಅದರ ಬದಲು ಟಿಕೆಟ್‌ಗಳನ್ನು ನೋಡಬೇಕು. ಮೂರು ಗಂಟೆಯ ಕೆಲಸದ ಟಿಕೆಟ್ ಎರಡು ವಾರದಿಂದ 'ನಡೆಯುತ್ತಿದೆ' ಎಂದು ತೋರಿಸುತ್ತಿದೆಯೇ? ಒಬ್ಬರ ಹೆಸರಿನಲ್ಲಿ ಒಂದೇ ಸಲಕ್ಕೆ ಐದಾರು ಟಿಕೆಟ್ ಅರ್ಧಂಬರ್ಧ ನಿಂತಿವೆಯೇ? ಹಾಗಿದ್ದರೆ ತೊಂದರೆ ಅವರ ಚುರುಕಿನದ್ದಲ್ಲ, ಹಂಚಿಕೆಯದ್ದು.

ಇನ್ನೊಂದು ಸುಳ್ಳು ಹಳೇ ಪ್ರಾಜೆಕ್ಟ್. ಕಾಗದದ ಮೇಲೆ ಸುಮಾ ಅಲ್ಲಿಂದ ಬಿಡುಗಡೆಯಾಗಿ ಆರು ತಿಂಗಳಾಗಿರುತ್ತದೆ. ಆದರೂ "ಮೇಡಂ, ಒಂದೇ ಒಂದು ಡೌಟ್" ಎಂಬ ಫೋನ್ ನಿಲ್ಲುವುದಿಲ್ಲ. ಅಲೊಕೇಶನ್ ಸೊನ್ನೆ, ಖರ್ಚು ವಾರಕ್ಕೆ ಎರಡು ಗಂಟೆ.

ಹಾಗಾದರೆ ನಂಬಬಹುದಾದ ಪರ್ಸೆಂಟ್ ಹಾಕುವುದು ಹೇಗೆ? ಮೊದಲು ಛೇದವನ್ನು ಸರಿಮಾಡಿ: 40ರ ಬದಲು 34. ಹಳೇ ಪ್ರಾಜೆಕ್ಟ್‌ನ ಫೋನುಗಳಿಗೂ ಒಂದು ಸಾಲು ಬರೆದು ಅದನ್ನು ಮೊದಲೇ ಕಳೆಯಿರಿ. ಉಳಿದದ್ದನ್ನು ಹಂಚುವಾಗ ಪರ್ಸೆಂಟ್ ಜೊತೆಗೆ ದಿನವನ್ನೂ ಬರೆಯಿರಿ. ಸುಮಾ ಅವರ ಉದಾಹರಣೆಯನ್ನೇ ಮುಂದುವರಿಸಿದರೆ, 34 ಗಂಟೆಯ 20 ಪರ್ಸೆಂಟ್ ಎಂದರೆ ಸರಿಯಾಗಿ ಒಂದು ದಿನ. ಅದನ್ನು ಗುರುವಾರ ಎಂದು ನಿಗದಿ ಮಾಡಿ. ದಿನದ ಸ್ಟ್ಯಾಂಡಪ್‌ನಿಂದ ಅವರನ್ನು ಬಿಡಿಸಿ. ವಾರಕ್ಕೊಂದು ಮೀಟಿಂಗ್, ಒಂದು ಬರಹದ ಟಿಪ್ಪಣಿ, ಒಟ್ಟು ಒಂದು ಗಂಟೆ ಸಾಕು. ವಾರದ ನಂತರ ಮರಳುವುದರಿಂದ ಹೊಂದಿಕೊಳ್ಳಲು ನಲವತ್ತು ನಿಮಿಷ ಬೇಕಾದೀತು. ಅಷ್ಟು ಕಳೆದರೂ ಐದು ಗಂಟೆ ಕೈಯಲ್ಲಿ ಉಳಿಯುತ್ತದೆ, ಅದೂ ಒಂದೇ ಉಸಿರಿನಲ್ಲಿ. ಅದೇ 20 ಪರ್ಸೆಂಟ್, ಕೆಲಸ ಎರಡೂವರೆ ಪಟ್ಟು. ದಿನ ಮುಗಿಸುವಾಗ 'ಎಲ್ಲಿ ನಿಲ್ಲಿಸಿದೆ, ಮುಂದಿನ ಹೆಜ್ಜೆ ಯಾವುದು' ಎಂದು ಎರಡು ಸಾಲು ಬರೆದಿಟ್ಟರೆ ಮುಂದಿನ ಗುರುವಾರ ಇನ್ನೂ ಹಗುರ.

ಇದಕ್ಕೆ ಬೆಲೆಯೂ ಇದೆ. ಶುಕ್ರವಾರ ಎದ್ದ ಪ್ರಶ್ನೆ ಮುಂದಿನ ಗುರುವಾರದವರೆಗೆ ಕಾಯುತ್ತದೆ. ಆ ಮ್ಯಾನೇಜರ್‌ಗೆ ಇದನ್ನು ಮೊದಲೇ ಹೇಳಿ ಒಪ್ಪಿಸಬೇಕು. ಸರ್ವರ್ ಬಿದ್ದರೆ ಯಾರು ನೋಡುತ್ತಾರೆ ಎಂದೂ ತೀರ್ಮಾನಿಸಬೇಕು. ಕಾಯಲು ಆಗುವುದೇ ಇಲ್ಲ ಎನ್ನುವ ಪ್ರಾಜೆಕ್ಟ್‌ಗೆ 20 ಪರ್ಸೆಂಟ್‌ನ ಮನುಷ್ಯ ಸಾಲುವುದಿಲ್ಲ, ಅಷ್ಟೇ. ದಿನಕ್ಕಿಂತ ಕಮ್ಮಿ ಪಾಲು, ಅಂದರೆ 5 ಅಥವಾ 10 ಪರ್ಸೆಂಟ್ ಇದ್ದರೆ, ಅದನ್ನು ಅಲೊಕೇಶನ್ ಎಂದು ಬರೆಯಲೇಬಾರದು. ಮಂಗಳವಾರ ಮೂರರಿಂದ ಐದರವರೆಗೆ ಸಲಹೆಗೆ ಸಿಗುತ್ತಾರೆ ಎಂದು ಬರೆದರೆ ಯಾರಿಗೂ ಮೋಸವಿಲ್ಲ.

ದೊಡ್ಡ ಪ್ರಾಜೆಕ್ಟ್‌ಗಳ ರಿಲೀಸ್ ತಾರೀಖುಗಳನ್ನೂ ಪಕ್ಕದಲ್ಲಿಟ್ಟು ನೋಡಬೇಕು. 50 ಮತ್ತು 30 ಎನ್ನುವುದು ಮೂರು ತಿಂಗಳ ಸರಾಸರಿ. ರಿಲೀಸ್ ವಾರದಲ್ಲಿ ಎರಡೂ ಕಡೆಯವರು 80 ಕೇಳುತ್ತಾರೆ. ಎರಡೂ ಒಂದೇ ವಾರ ಬಿದ್ದರೆ ಯಾವ ಪರ್ಸೆಂಟೂ ಕಾಪಾಡದು. ಆದ್ದರಿಂದ ನೂರು ತುಂಬಿಸದೆ ಹತ್ತು ಹದಿನೈದನ್ನು ಖಾಲಿ ಬಿಡಬೇಕು, ತಿಂಗಳಿಗೊಮ್ಮೆ ಹಂಚಿಕೆಯನ್ನು ತಿದ್ದಬೇಕು.

ಮುಂದಿನ ಸಲ ಯಾರಾದರೂ ನಿಮ್ಮನ್ನು "ಬರೀ 20 ಪರ್ಸೆಂಟ್" ಕೇಳಿದರೆ ಒಪ್ಪುವ ಮೊದಲು ಒಂದು ಪ್ರಶ್ನೆ ಕೇಳಿ: ಯಾವ ದಿನ?