ನಲವತ್ತು ಚೀಲ ಕಡಿಮೆ ಬಂದಾಗ

ಶಿವಮೊಗ್ಗದಿಂದ ಅಹಮದಾಬಾದಿಗೆ ಒಂದು ಲಾರಿ ರಾಶಿ ಅಡಿಕೆ ಹೋಯಿತೆನ್ನಿ. ಹೇರಿದ್ದು 200 ಚೀಲ, ಇಳಿದದ್ದು 160. ಮಾಲಿಗೆ ಸಾಗಣೆ ವಿಮೆ ಇದೆ. ಆ ಹಣ ಕೈಸೇರುವುದು ಮಾತ್ರ ಗೋದಾಮಿನ ಬಾಗಿಲಲ್ಲಿ ಗುಮಾಸ್ತ ಏನು ಬರೆಯುತ್ತಾನೆ ಎಂಬುದನ್ನು ಬಹಳಮಟ್ಟಿಗೆ ಅವಲಂಬಿಸಿದೆ.

ಅವನು ಲಾರಿ ರಸೀದಿಗೆ ಸುಮ್ಮನೆ ಸಹಿ ಹಾಕಿಬಿಟ್ಟರೆ ಮಾಲು ಪೂರ್ತಿ ತಲುಪಿದೆ ಎಂದು ಒಪ್ಪಿಕೊಂಡಂತೆ. ‘40 ಚೀಲ ಕಡಿಮೆ’ ಎಂದು ಷರಾ ಬರೆದು ಚಾಲಕನ ಸಹಿಯನ್ನೂ ಪಡೆಯಬೇಕು. ವಿಮಾ ಕಂಪನಿ ನಿಮಗೆ ಹಣ ಕೊಟ್ಟ ಮೇಲೆ ಅದನ್ನು ಸಾಗಣೆದಾರನಿಂದ ವಸೂಲು ಮಾಡಲು ನೋಡುತ್ತದೆ. 1963ರ ಸಾಗರ ವಿಮಾ ಕಾಯ್ದೆ ಅದಕ್ಕೆ ಆ ಹಕ್ಕು ಕೊಟ್ಟಿದೆ. ನಿಮ್ಮ ಅಲಕ್ಷ್ಯದಿಂದ ಆ ದಾರಿ ಮುಚ್ಚಿದರೆ ನಿಮ್ಮ ಕ್ಲೇಮಿಗೂ ಕತ್ತರಿ ಬೀಳಬಹುದು.

ಹಾಗಾಗಿ ಅಂದೇ ಸಾಗಣೆ ಕಂಪನಿಗೂ ಲಿಖಿತ ನೋಟಿಸು ಹೋಗಲಿ. 2007ರ ರಸ್ತೆ ಸಾಗಣೆ ಕಾಯ್ದೆಯಂತೆ ಮಾಲು ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಈ ನೋಟಿಸು ಮುಟ್ಟದಿದ್ದರೆ ಅವರ ಮೇಲೆ ದಾವೆ ಹೂಡುವಂತಿಲ್ಲ. ‘ಹುಡುಕುತ್ತಿದ್ದೇವೆ, ಸ್ವಲ್ಪ ತಾಳಿ’ ಎಂಬ ಫೋನು ಮಾತನ್ನು ನಂಬಿ ತಿಂಗಳುಗಳನ್ನು ಕಳೆಯಬೇಡಿ.

ವಿಮಾ ಕಂಪನಿಗೆ ಬರೆಯುವ ಪತ್ರದಲ್ಲಿ ಪಾಲಿಸಿ ಸಂಖ್ಯೆ, ಲಾರಿ ರಸೀದಿಯ ಸಂಖ್ಯೆ ಮತ್ತು ದಿನಾಂಕ, ಲಾರಿ ನಂಬರು, ಹೇರಿದ ಹಾಗೂ ಇಳಿದ ಚೀಲಗಳ ಲೆಕ್ಕ, ಅಂದಾಜು ನಷ್ಟ ಇರಬೇಕು. ವರ್ಷಪೂರ್ತಿಯ ಓಪನ್ ಪಾಲಿಸಿಯಾದರೆ ಒಂದೊಂದು ಲೋಡನ್ನೂ ಕಂಪನಿಗೆ ತಿಳಿಸುತ್ತಿರಬೇಕು. ಈ ಲೋಡನ್ನು ತಿಳಿಸಿದ ದಾಖಲೆಯನ್ನೂ ಜೊತೆಗಿಡಿ.

ಇನ್ನು ಮೌಲ್ಯ. ಚೀಲಕ್ಕೆ 65 ಕಿಲೋ, ಕಿಲೋಗೆ 480 ರೂಪಾಯಿಯೆಂದು ಇಟ್ಟುಕೊಂಡರೆ 40 ಚೀಲಕ್ಕೆ 12,48,000 ರೂಪಾಯಿ. ಇನ್‌ವಾಯ್ಸ್ ಮೊತ್ತಕ್ಕೆ ಶೇ. 10 ಸೇರಿಸಿ ವಿಮೆ ಮಾಡಿಸಿದ್ದರೆ 13,72,800. ಆಮೇಲೆ ಪೇಟೆಯಲ್ಲಿ ಧಾರಣೆ ಏರಿದರೂ ಕ್ಲೇಮು ಏರುವುದಿಲ್ಲ. ನಷ್ಟವನ್ನು ಚೀಲದ ಲೆಕ್ಕದಲ್ಲೇ ತೋರಿಸುವುದು ಜಾಣತನ. ಅಡಿಕೆ ದಾರಿಯಲ್ಲಿ ಒಣಗಿ ತೂಕ ಇಳಿಯುವುದು ಸಹಜ. ಅಂಥ ಇಳಿತಕ್ಕೆ ವಿಮೆ ಇಲ್ಲ. ಬರೀ ತೂಕದ ವ್ಯತ್ಯಾಸ ಬರೆದರೆ ಕಳವೂ ಅದರಲ್ಲೇ ಕರಗಿಹೋಗುತ್ತದೆ.

ಇನ್‌ವಾಯ್ಸ್, ಚೀಲಗಳ ಪಟ್ಟಿ, ಷರಾ ಬರೆದ ಲಾರಿ ರಸೀದಿ, ನೋಟಿಸಿನ ಪ್ರತಿ ಮತ್ತು ಅದರ ಅಂಚೆ ರಸೀದಿ, ಕಳವಿನ ಸಂಶಯವಿದ್ದರೆ ಪೊಲೀಸ್ ದೂರು ಇವೆಲ್ಲ ಬೇಕು. ಚೀಲ ಕಡಿಮೆ ಇದ್ದುದಕ್ಕೆ ಸಾಗಣೆ ಕಂಪನಿಯಿಂದಲೇ ಪ್ರಮಾಣಪತ್ರ ಕೇಳಿ. ಅವರು ಕೊಡಲು ಒಪ್ಪದಿದ್ದರೆ ನೀವು ಕೇಳಿದ ಪತ್ರವನ್ನೇ ಲಗತ್ತಿಸಿ. ಕಂಪನಿ ಕಳಿಸುವ ಸರ್ವೇಯರ್ ಬಂದು ನೋಡುವವರೆಗೆ ಉಳಿದ ಚೀಲಗಳನ್ನು ಕದಲಿಸದಿದ್ದರೆ ಒಳ್ಳೆಯದು.

ಹಣ ಕೊಡುವಾಗ ವಿಮಾ ಕಂಪನಿ ಹಕ್ಕು ವರ್ಗಾವಣೆ ಪತ್ರಕ್ಕೆ ಸಹಿ ಕೇಳುತ್ತದೆ. ಅದಕ್ಕೂ ಮೊದಲೇ ಸಾಗಣೆ ಕಂಪನಿಯವರು ‘ಎರಡು ಲಕ್ಷಕ್ಕೆ ಮುಗಿಸೋಣ’ ಎಂದು ಬಂದರೆ, ವಿಮಾ ಕಂಪನಿಯ ಲಿಖಿತ ಒಪ್ಪಿಗೆಯಿಲ್ಲದೆ ರಾಜಿಗೆ ಸಹಿ ಹಾಕಬೇಡಿ.