ಅಮ್ಮನ ಪ್ರಯಾಣಕ್ಕೆ ಮೊದಲು ಬರೆಯಬೇಕಾದ ಇ-ಮೇಲ್

ವಯಸ್ಸಾದ ತಾಯಿಯನ್ನು ಒಬ್ಬರನ್ನೇ ವಿಮಾನ ಹತ್ತಿಸುವ ಮಕ್ಕಳು ವಿಮಾನ ಸಂಸ್ಥೆಗೆ ಬರೆಯುವ ಇ-ಮೇಲ್ ಸಾಮಾನ್ಯವಾಗಿ ಒಂದೇ ಸಾಲಿನದು: ‘ನಮ್ಮ ತಾಯಿಗೆ ವೀಲ್‌ಚೇರ್ ಬೇಕು, ಡಯಾಬಿಟಿಸ್ ಇರುವವರ ಊಟ ಬೇಕು.’ ವಿನಯದ ಉತ್ತರವೂ ಬರುತ್ತದೆ. ಆದರೂ ಪ್ರಯಾಣದ ದಿನ ವೀಲ್‌ಚೇರ್ ಅವರನ್ನು ವಿಮಾನದ ಮೆಟ್ಟಿಲ ಬುಡಕ್ಕೆ ತಂದು ನಿಲ್ಲಿಸಬಹುದು. ಜನ್ಮದಲ್ಲಿ ಮಾಂಸ ಮುಟ್ಟದವರ ಮುಂದೆ ಕೋಳಿಯ ತಟ್ಟೆ ಬರಬಹುದು. ಎರಡರಲ್ಲೂ ಸಂಸ್ಥೆ ಕೇಳಿದ್ದನ್ನೇ ಕೊಟ್ಟಿರುತ್ತದೆ. ಕೇಳಿದ ರೀತಿ ಸಾಲದೆ ಹೋಗಿರುತ್ತದೆ.

ನಮ್ಮ ಇ-ಮೇಲ್ ಹಾಗೆಯೇ ವಿಮಾನ ನಿಲ್ದಾಣಕ್ಕೆ ಹೋಗುವುದಿಲ್ಲ. ಅದನ್ನು ಓದಿದ ಸಿಬ್ಬಂದಿ ಟಿಕೆಟ್ಟಿನ ದಾಖಲೆಯಲ್ಲಿ ನಾಲ್ಕಕ್ಷರದ ಸಂಕೇತಗಳನ್ನು ಹಾಕುತ್ತಾರೆ. ಮುಂದಿನವರೆಲ್ಲ ನೋಡುವುದು ಮುಖ್ಯವಾಗಿ ಆ ಸಂಕೇತವನ್ನು. ಹಾಗಾಗಿ ತಪ್ಪು ಸಂಕೇತ ಬೀಳದ ಹಾಗೆ ಬರೆಯುವುದೇ ಇಲ್ಲಿನ ಕೆಲಸ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಧಾರವಾಡದ 74 ವರ್ಷದ ತಾಯಿ ಬೆಂಗಳೂರಿನಿಂದ ಫ್ರಾಂಕ್‌ಫರ್ಟ್ ಮೂಲಕ ಷಿಕಾಗೋದಲ್ಲಿರುವ ಮಗಳ ಮನೆಗೆ ಹೊರಟಿದ್ದಾರೆ. ಮಂಡಿ ಸವೆದಿದೆ. ಮನೆಯೊಳಗೆ ಗೋಡೆ ಹಿಡಿದು ಓಡಾಡುತ್ತಾರೆ, ಮೆಟ್ಟಿಲು ಹತ್ತಲಾರರು. ಊಟಕ್ಕೆ ಮುಂಚೆ ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ. ಮೊಟ್ಟೆಯನ್ನೂ ತಿನ್ನುವುದಿಲ್ಲ. ಕನ್ನಡ ಬಿಟ್ಟು ಬೇರೆ ಭಾಷೆ ಬಾರದು.

ವೀಲ್‌ಚೇರ್ ಕೋರಿಕೆಗೆ ಮುಖ್ಯವಾಗಿ ಮೂರು ಸಂಕೇತಗಳಿವೆ. WCHR ಅಂದರೆ ದೂರ ನಡೆಯಲಾರರು, ಆದರೆ ಮೆಟ್ಟಿಲು ಹತ್ತಿ ಇಳಿಯಬಲ್ಲರು. WCHS ಅಂದರೆ ಮೆಟ್ಟಿಲೂ ಆಗದು, ವಿಮಾನದ ಒಳಗೆ ಹೋದ ಮೇಲೆ ಸೀಟಿನವರೆಗೆ ನಡೆಯಬಲ್ಲರು. WCHC ಅಂದರೆ ಸೀಟಿನವರೆಗೂ ಕರೆದೊಯ್ದು ಕೂರಿಸಬೇಕು. ಬರೀ ‘ವೀಲ್‌ಚೇರ್’ ಎಂದು ಬರೆದರೆ ಮೊದಲನೆಯದೇ ದಾಖಲಾಗುವ ಸಾಧ್ಯತೆ ಹೆಚ್ಚು. ವಿಮಾನಕ್ಕೆ ಏರೋಬ್ರಿಜ್ ಹಚ್ಚಿದ್ದರೆ ಆ ತಪ್ಪು ಗೊತ್ತೇ ಆಗುವುದಿಲ್ಲ. ವಿಮಾನ ದೂರದಲ್ಲಿ ನಿಂತು, ಬಸ್ಸಿನಲ್ಲಿ ಹೋಗಿ ಮೆಟ್ಟಿಲು ಹತ್ತಬೇಕಾದಾಗ ಗೊತ್ತಾಗುತ್ತದೆ. WCHS ಎಂದಿದ್ದರೆ ಕುರ್ಚಿ ಸಮೇತ ಮೇಲೆತ್ತುವ ಅಂಬುಲಿಫ್ಟ್ ಅಥವಾ ಬೇರೆ ಏರ್ಪಾಡು ಮಾಡಿಕೊಳ್ಳಲು ಸಿಬ್ಬಂದಿಗೆ ಮುಂಚಿತವಾಗಿ ತಿಳಿದಿರುತ್ತದೆ. ನಮ್ಮ ಧಾರವಾಡದ ತಾಯಿಗೆ ಬೇಕಾದದ್ದು ಇದೇ. ಸಂಕೇತ ತಿಳಿಯದಿದ್ದರೂ ಚಿಂತೆಯಿಲ್ಲ, ‘ಮೆಟ್ಟಿಲು ಹತ್ತಲಾರರು, ವಿಮಾನದೊಳಗೆ ನಿಧಾನವಾಗಿ ನಡೆಯುತ್ತಾರೆ’ ಎಂದು ಬಿಡಿಸಿ ಬರೆದರೆ ಓದುವವರು ಸರಿಯಾದದ್ದನ್ನೇ ಹಾಕುತ್ತಾರೆ.

ಊಟದ ವಿಷಯ ಇದಕ್ಕಿಂತ ಸೂಕ್ಷ್ಮ. DBML ಎನ್ನುವುದು ಡಯಾಬಿಟಿಸ್ ಇರುವವರ ಊಟದ ಸಂಕೇತ. ಅದರಲ್ಲಿ ಸಕ್ಕರೆ ಕಡಿಮೆ ಇರುತ್ತದೆ, ಆದರೆ ಸಸ್ಯಾಹಾರವೇ ಆಗಬೇಕೆಂಬ ನಿಯಮವಿಲ್ಲ. ಕೋಳಿ, ಮೀನು ಇರಬಹುದು. ನಮ್ಮ ಕಡೆಯ ಸಸ್ಯಾಹಾರಕ್ಕೆ AVML ಎಂಬ ಬೇರೆ ಸಂಕೇತವಿದೆ, ಅದರಲ್ಲಿ ಅನ್ನ, ಆಲೂಗೆಡ್ಡೆ, ಕೊನೆಗೊಂದು ಸಿಹಿ ಸಹಜ. ತೊಡಕೇನೆಂದರೆ ಸಾಮಾನ್ಯವಾಗಿ ಒಬ್ಬರಿಗೆ ಒಂದು ಹಾರಾಟದಲ್ಲಿ ಒಂದೇ ಊಟದ ಸಂಕೇತ ಹಾಕಲಾಗುತ್ತದೆ. ಎರಡನ್ನೂ ಕೇಳಿದರೆ ಯಾವುದೋ ಒಂದು ಉಳಿಯುತ್ತದೆ.

ಆದ್ದರಿಂದ ಸಸ್ಯಾಹಾರಿ ಡಯಾಬಿಟಿಕ್ ಊಟ ಕೊಡುತ್ತೀರಾ ಎಂದು ಮೊದಲು ನೇರವಾಗಿ ಕೇಳಬೇಕು. ಕೊಡುತ್ತೇವೆ ಎಂಬ ಲಿಖಿತ ಉತ್ತರ ಬರದಿದ್ದರೆ AVML ತೆಗೆದುಕೊಳ್ಳುವುದೇ ಲೇಸು ಎಂಬುದು ನನ್ನ ಖಚಿತ ಅಭಿಪ್ರಾಯ. ಸಿಹಿ ಬಿಟ್ಟು, ಅನ್ನ ಅರ್ಧ ಉಳಿಸಿ ಉಣ್ಣಬಹುದು. ಇನ್ಸುಲಿನ್ ಚುಚ್ಚಿಕೊಂಡ ಮೇಲೆ ಮುಟ್ಟಲಾಗದ ತಟ್ಟೆ ಎದುರು ಬಂದರೆ ಸಕ್ಕರೆ ಇಳಿದು ಬೆವರು, ನಡುಕ, ತಲೆಸುತ್ತು ಶುರುವಾಗುತ್ತದೆ. ಅದು ಅಪಾಯ. ಊಟದ ಹೊತ್ತಿನ ಇನ್ಸುಲಿನ್ನನ್ನು ತಟ್ಟೆ ಎದುರಿಗೆ ಬಂದ ಮೇಲೆಯೇ ತೆಗೆದುಕೊಳ್ಳಲಿ. ಗಡಿಯಾರ ಇಷ್ಟೊಂದು ಬದಲಾಗುವ ಪ್ರಯಾಣದಲ್ಲಿ ಪ್ರಮಾಣ ಎಷ್ಟು, ಯಾವಾಗ ಎಂದು ಹೊರಡುವ ಮುನ್ನ ವೈದ್ಯರಿಂದಲೇ ಬರೆಸಿಕೊಳ್ಳಿ. ಇನ್ಸುಲಿನ್ ಮತ್ತು ಚೀಟಿ ಕೈಚೀಲದಲ್ಲಿರಬೇಕು. ಕೆಳಗೆ ಹೋಗುವ ಸಾಮಾನಿನಲ್ಲಿಟ್ಟರೆ ಅದು ಹೆಪ್ಪುಗಟ್ಟಿ ಕೆಡಬಹುದು, ಪೆಟ್ಟಿಗೆಯೇ ತಪ್ಪಿಯೂ ಹೋಗಬಹುದು. ಜೊತೆಗೆ ನಾಲ್ಕು ಚಪಾತಿ, ಸ್ವಲ್ಪ ಗ್ಲೂಕೋಸ್ ಇರಲಿ.

ಇಷ್ಟು ತಿಳಿದರೆ ಪತ್ರ ತಾನಾಗಿ ರೂಪುಗೊಳ್ಳುತ್ತದೆ. ಕಳಿಸುವುದು ಇಂಗ್ಲಿಷಿನಲ್ಲೇ. ಒಕ್ಕಣೆ ಹೀಗಿರಲಿ:

‘ವಿಷಯ: ಪಿಎನ್‌ಆರ್ ಸಂಖ್ಯೆ, ಪ್ರಯಾಣದ ದಿನಾಂಕ, ವೀಲ್‌ಚೇರ್ (WCHS) ಮತ್ತು ಊಟದ ಕೋರಿಕೆ.

ಮಾನ್ಯರೇ, ಈ ಟಿಕೆಟ್ಟಿನಲ್ಲಿ ನನ್ನ ತಾಯಿ (ಪಾಸ್‌ಪೋರ್ಟಿನಲ್ಲಿರುವಂತೆ ಹೆಸರು, ವಯಸ್ಸು 74) ಒಬ್ಬರೇ ಪ್ರಯಾಣಿಸುತ್ತಿದ್ದಾರೆ. ಅವರು ಮೆಟ್ಟಿಲು ಹತ್ತಲಾರರು, ದೂರ ನಡೆಯಲಾರರು. ಸೀಟಿನವರೆಗೆ ನಡೆಯಬಲ್ಲರು. ಸ್ವಂತ ವೀಲ್‌ಚೇರ್ ಇಲ್ಲ. ಬೆಂಗಳೂರಿನಲ್ಲಿ ಚೆಕ್-ಇನ್‌ನಿಂದ ಸೀಟಿನವರೆಗೆ, ಫ್ರಾಂಕ್‌ಫರ್ಟಿನಲ್ಲಿ ಒಂದು ವಿಮಾನದಿಂದ ಇನ್ನೊಂದಕ್ಕೆ, ಷಿಕಾಗೋದಲ್ಲಿ ಹೊರಬಾಗಿಲವರೆಗೆ WCHS ನೆರವು ಬೇಕು. ಅವರಿಗೆ ಕನ್ನಡ ಮಾತ್ರ ಬರುತ್ತದೆ. ಅವರು ಇನ್ಸುಲಿನ್ ತೆಗೆದುಕೊಳ್ಳುತ್ತಾರೆ, ಮಾಂಸ, ಮೀನು, ಮೊಟ್ಟೆ ತಿನ್ನುವುದಿಲ್ಲ. ಎರಡೂ ಹಾರಾಟಗಳಲ್ಲಿ ಸಸ್ಯಾಹಾರಿ ಡಯಾಬಿಟಿಕ್ ಊಟ ಸಿಗುತ್ತದೆಯೇ? ಇಲ್ಲದಿದ್ದರೆ AVML ದಾಖಲಿಸಿ. ಪ್ರತಿ ಹಾರಾಟಕ್ಕೂ ಪ್ರತ್ಯೇಕವಾಗಿ ಖಚಿತಪಡಿಸಿ ಉತ್ತರಿಸಿ. ನನ್ನ ಹೆಸರು, ದೂರವಾಣಿ.’

ಇಲ್ಲಿ ಇಡೀ ಕಾಯಿಲೆಯ ಚರಿತ್ರೆ ಇಲ್ಲ. ಬೇಕಾಗಿಯೂ ಇಲ್ಲ. ಆದರೆ ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆಗಿದ್ದರೆ, ಆಕ್ಸಿಜನ್ ಬೇಕಿದ್ದರೆ ಮುಚ್ಚಿಡಬಾರದು. ಅಂಥವರಿಗೆ ವೈದ್ಯರು ತುಂಬಿಕೊಡುವ ಫಾರಂ ಬೇರೆಯೇ ಇದೆ, ಅದಕ್ಕೆ ಸಮಯವೂ ಬೇಕು.

ಭಾರತದ ವಿಮಾನಯಾನ ನಿಯಂತ್ರಕ ಡಿಜಿಸಿಎ ನಿಯಮವೂ ಯುರೋಪಿನ 1107/2006 ನಿಯಮವೂ ಇಂಥ ನೆರವಿಗೆ 48 ಗಂಟೆ ಮೊದಲು ತಿಳಿಸಿ ಎನ್ನುತ್ತವೆ. ಟಿಕೆಟ್ ಕೊಂಡ ದಿನವೇ ಬರೆಯುವುದು ಇನ್ನೂ ಒಳ್ಳೆಯದು. ‘ನಿಮ್ಮ ಕೋರಿಕೆಯನ್ನು ಸಂಬಂಧಿತ ವಿಭಾಗಕ್ಕೆ ಕಳಿಸಿದ್ದೇವೆ’ ಎಂಬ ಉತ್ತರ ಒಪ್ಪಿಗೆಯಲ್ಲ. ಸಂಸ್ಥೆಯ ಜಾಲತಾಣದಲ್ಲಿ ಬುಕಿಂಗ್ ತೆರೆದು ಎರಡೂ ಹಾರಾಟಗಳ ಎದುರು ವೀಲ್‌ಚೇರ್, ಊಟ ಕಾಣುತ್ತವೆಯೇ ನೋಡಿ. ಏಜೆಂಟರ ಮೂಲಕ ಕೊಂಡಿದ್ದರೆ ಅವರ ಪರದೆಯಲ್ಲಿ ಸಂಕೇತದ ಮುಂದೆ HK ಎಂದಿದ್ದರೆ ಖಚಿತವಾಗಿದೆ ಎಂದರ್ಥ. ಟಿಕೆಟ್ ಮಾರಿದ ಸಂಸ್ಥೆ ಒಂದು, ವಿಮಾನ ಹಾರಿಸುವ ಸಂಸ್ಥೆ ಇನ್ನೊಂದು ಆಗಿದ್ದರೆ ಊಟದ ಕೋರಿಕೆ ನಡುವೆ ತಪ್ಪಿಹೋಗುವುದುಂಟು. ಆಗ ಹಾರಿಸುವವರನ್ನೇ ಕೇಳಬೇಕು.

ಖಚಿತವಾದ ಮೇಲೂ ನಿಲ್ದಾಣದಲ್ಲಿ ಕುರ್ಚಿ ಸಾಲದೆ ಬರಬಹುದು. 2024ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಿಂದ ಮುಂಬೈಗೆ ಬಂದಿಳಿದ 80 ವರ್ಷದ ಹಿರಿಯರು, ಕುರ್ಚಿ ಒಂದೇ ಸಿಕ್ಕಿತೆಂದು ಅದನ್ನು ಪತ್ನಿಗೆ ಬಿಟ್ಟು ತಾವು ನಡೆದು ಹೊರಟು, ಕುಸಿದು ತೀರಿಕೊಂಡರು. ಡಿಜಿಸಿಎ ಏರ್ ಇಂಡಿಯಾಕ್ಕೆ 30 ಲಕ್ಷ ರೂಪಾಯಿ ದಂಡ ಹಾಕಿತು. ತಂದೆತಾಯಿಗೆ ಹೊರಡುವ ಮುಂಚೆಯೇ ಹೇಳಿಡಿ: ಎಷ್ಟೇ ಹೊತ್ತಾದರೂ ಕುರ್ಚಿ ಬರುವವರೆಗೆ ಕೂತಲ್ಲೇ ಕೂತಿರಿ, ಸಂಕೋಚಪಟ್ಟು ಎದ್ದು ನಡೆಯಬೇಡಿ.

ಉತ್ತರದ ಇ-ಮೇಲನ್ನು ಅಚ್ಚು ಹಾಕಿಸಿ ಅವರ ಕೈಚೀಲದಲ್ಲಿಡಿ. ನಡುವೆ ವಿಮಾನದ ದಿನವೋ ವೇಳೆಯೋ ಬದಲಾದರೆ ಹಳೆಯ ಕೋರಿಕೆ ಹೊಸ ಹಾರಾಟಕ್ಕೆ ಬಂದಿದೆ ಎಂದು ನಂಬಿಕೊಳ್ಳದೆ, ಅದೇ ಪತ್ರವನ್ನು ಹೊಸ ದಿನಾಂಕದೊಂದಿಗೆ ಮತ್ತೆ ಕಳಿಸಿ.